ಮೊದಲ ಸಾಲಿನ ಆರೂವರೆ ಸಾವಿರ

ಸೆಪ್ಟೆಂಬರ್ ಮೂರರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದಾಗಲೇ ಫೋನ್ ಬಂತು. ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪಾರ್ಟಿ. ಹಿಂದಿನ ದಿನ ನಾವು ಕಳಿಸಿದ್ದ ಆಗಸ್ಟ್ ತಿಂಗಳ ಸ್ಟೇಟ್‌ಮೆಂಟ್ ಅವರ ಮುಂದಿತ್ತು. "ಏನ್ರೀ ಇದು ಲೆಕ್ಕ? ನನ್ನ ಪುಸ್ತಕದಾಗೆ ನಿಮಗೆ ಕೊಡಬೇಕಾದ್ದು ಇಪ್ಪತ್ತೈದು ಸಾವಿರದ ಒಂಬೈನೂರು ಐತಿ. ನೀವು ನೋಡಿದ್ರೆ ಎಪ್ಪತ್ತು ಸಾವಿರ ಅಂತ ಕಳಿಸೀರಿ!"

ನಾನು ದಾವಣಗೆರೆಯ ಒಂದು ಸಗಟು ಅಂಗಡಿಯ ಲೆಕ್ಕ ಬರೆಯುವವನು. ಪೈಪು, ಬಣ್ಣ, ಮೊಳೆ, ಬೀಗ, ನಲ್ಲಿ ಇತ್ಯಾದಿ ನಮ್ಮ ಮಾಲು. ಸುತ್ತಲಿನ ತಾಲ್ಲೂಕುಗಳ ಸಣ್ಣ ಅಂಗಡಿಗಳು ನಮ್ಮಲ್ಲಿ ಉದ್ರಿ ಒಯ್ದು, ಮಾರಿದಂತೆ ದುಡ್ಡು ಕಟ್ಟುತ್ತವೆ. ಪ್ರತಿ ತಿಂಗಳ ಮೊದಲ ಎರಡು ಮೂರು ದಿನಗಳಲ್ಲಿ ಪ್ರತಿ ಉದ್ರಿ ಪಾರ್ಟಿಗೂ ಒಂದು ಹಾಳೆ ಹೋಗುತ್ತದೆ. ಹಿಂದಿನ ತಿಂಗಳ ಕೊನೆಗೆ ಎಷ್ಟು ಬಾಕಿ ಇತ್ತು, ಈ ತಿಂಗಳು ಯಾವ ಯಾವ ಬಿಲ್ ಆಯಿತು, ಎಷ್ಟು ಜಮೆ ಬಂತು, ಈಗ ಉಳಿದದ್ದೆಷ್ಟು ಎಂಬ ನಾಲ್ಕು ಸಂಗತಿ ಅದರಲ್ಲಿರುತ್ತದೆ. ಮೊದಲು ಅಂಚೆಯಲ್ಲಿ ಹೋಗುತ್ತಿದ್ದ ಹಾಳೆ ಈಗ ವಾಟ್ಸಾಪಿನಲ್ಲಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಆ ದಿನ ಫೋನಿನಲ್ಲಿ ಎದ್ದ ತಕರಾರನ್ನು ಬಿಡಿಸುತ್ತ ಹೋದರೆ ಈ ಹಾಳೆ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎರಡೂ ತಿಳಿಯುತ್ತದೆ. ನಾವು ಕಳಿಸಿದ ಹಾಳೆ ಹೀಗಿತ್ತು:

| ದಿನಾಂಕ | ವಿವರ | ಬಾಕಿಗೆ ಕೂಡಿದ್ದು ₹ | ಜಮೆ ₹ | ಉಳಿದ ಬಾಕಿ ₹ |
|---|---|---|---|---|
| ಆಗಸ್ಟ್ 1 | ಹಿಂದಿನ ಬಾಕಿ | | | 48,600 |
| ಆಗಸ್ಟ್ 4 | ಬಿಲ್ 612 | 22,400 | | 71,000 |
| ಆಗಸ್ಟ್ 9 | ಯುಪಿಐ ಜಮೆ | | 30,000 | 41,000 |
| ಆಗಸ್ಟ್ 16 | ಬಿಲ್ 655 | 17,850 | | 58,850 |
| ಆಗಸ್ಟ್ 20 | ವಾಪಸ್ ಮಾಲು, ಕ್ರೆಡಿಟ್ ನೋಟ್ | | 1,180 | 57,670 |
| ಆಗಸ್ಟ್ 23 | ಚೆಕ್ ಜಮೆ | | 25,000 | 32,670 |
| ಆಗಸ್ಟ್ 28 | ಚೆಕ್ ವಾಪಸ್ | 25,000 | | 57,670 |
| ಆಗಸ್ಟ್ 28 | ಬ್ಯಾಂಕ್ ಶುಲ್ಕ | 295 | | 57,965 |
| ಆಗಸ್ಟ್ 30 | ಬಿಲ್ 701 | 12,460 | | 70,425 |

ಇದರಲ್ಲಿ ಎರಡು ಸಾಲುಗಳಿಗೆ ವಿವರಣೆ ಬೇಕು. ಆಗಸ್ಟ್ 20ರ ಕ್ರೆಡಿಟ್ ನೋಟ್ ಎಂದರೆ, ಬಿಲ್ 655ರಲ್ಲಿ ಹೋದ ಪೈಪುಗಳಲ್ಲಿ ಸೀಳಿದ್ದವನ್ನು ಅವರು ವಾಪಸ್ ಕಳಿಸಿದ್ದಕ್ಕೆ ನಾವು ಬಿಟ್ಟ ಹಣ. ದುಡ್ಡು ಕೈ ಬದಲಾಗಿಲ್ಲ, ಆದರೂ ಬಾಕಿ ಇಳಿಯಿತು. ಇನ್ನು ಚೆಕ್ಕು. ಅದು ಬಂದ ದಿನ ಜಮೆ ಬರೆದೆವು. ಬ್ಯಾಂಕಿನಲ್ಲಿ ಅದು ಪಾಸಾಗದೆ ಹಿಂದಿರುಗಿದಾಗ ಜಮೆಯ ಸಾಲನ್ನು ಅಳಿಸಲಿಲ್ಲ, ಅಷ್ಟೇ ಮೊತ್ತವನ್ನು ಬಾಕಿಗೆ ಮತ್ತೆ ಕೂಡಿದೆವು. ಕೆಲವು ಅಂಗಡಿಗಳಲ್ಲಿ ವಾಪಸಾದ ಚೆಕ್ಕಿನ ಜಮೆಯನ್ನೇ ಕಂಪ್ಯೂಟರಿನಿಂದ ತೆಗೆದುಹಾಕುತ್ತಾರೆ. ಮೊತ್ತದ ಮಟ್ಟಿಗೆ ಅದೂ ಸರಿಯಾಗಿಯೇ ಕೂಡುತ್ತದೆ. ಆದರೆ ಚೆಕ್ ಕೊಟ್ಟವನು ತನ್ನ ಪುಸ್ತಕದಲ್ಲಿ ಜಮೆ ಬರೆದುಕೊಂಡಿರುತ್ತಾನೆ. ಹಾಳೆಯಲ್ಲಿ ಆ ಸಾಲೇ ಕಾಣದಿದ್ದರೆ "ನನ್ನ ಚೆಕ್ ಬರೆದೇ ಇಲ್ಲ" ಎನ್ನುತ್ತಾನೆ. ಬಂದದ್ದೂ ಹೋದದ್ದೂ ಎರಡೂ ಕಂಡರೆ ಕತೆ ತಾನಾಗಿ ಅರ್ಥವಾಗುತ್ತದೆ.

ತಕರಾರು ಬಂದಾಗ ಹೆಚ್ಚಿನವರು ಮಾಡುವ ತಪ್ಪೆಂದರೆ ಕೊನೆಯ ಮೊತ್ತವನ್ನು ಹಿಡಿದು ಜಗ್ಗಾಡುವುದು. ಎಪ್ಪತ್ತು ಸಾವಿರ ಸರಿಯೋ, ಇಪ್ಪತ್ತೈದು ಸಾವಿರ ಸರಿಯೋ ಎಂದು ಎಷ್ಟು ಹೊತ್ತು ಮಾತಾಡಿದರೂ ಅದು ಬಗೆಹರಿಯುವುದಿಲ್ಲ, ಏಕೆಂದರೆ ಆ ಮೊತ್ತ ಬರೀ ಕೂಡು-ಕಳೆಯ ಫಲ. ನಾನು ಅವರಿಗೆ ಕೇಳಿದ್ದು ಒಂದೇ ಮಾತು: "ಅಣ್ಣಾರೆ, ಕೊನೆ ಸಾಲು ಇರಲಿ. ಆಗಸ್ಟ್ ಒಂದನೇ ತಾರೀಖು ನಿಮ್ಮ ಪುಸ್ತಕದಾಗೆ ನಮ್ಮದು ಎಷ್ಟು ಬಾಕಿ ಐತಿ, ಅದನ್ನ ಹೇಳ್ರಿ."

ಅತ್ತ ಹಾಳೆ ತಿರುವುವ ಸದ್ದು. "ನಲವತ್ತೆರಡು ಸಾವಿರದ ನೂರು."

ನಮ್ಮ ಹಾಳೆಯ ಮೊದಲ ಸಾಲು 48,600. ಅವರದು 42,100. ಅಂದರೆ ಆಗಸ್ಟ್ ಶುರುವಾಗುವ ಮೊದಲೇ ಇಬ್ಬರ ಲೆಕ್ಕ 6,500 ರೂಪಾಯಿ ಬೇರೆಯಾಗಿತ್ತು. ಆಗಸ್ಟಿನ ಬಿಲ್‌ಗಳನ್ನು ಎಷ್ಟು ಸಲ ಟಿಕ್ ಹಾಕಿ ನೋಡಿದ್ದರೂ ಇದು ಸಿಗುತ್ತಿರಲಿಲ್ಲ.

ಹಿಂದಿನ ಬಾಕಿ ಎಂಬ ಈ ಸಾಲನ್ನು ಓದುವವರು ಕಡಿಮೆ. ಅದಕ್ಕೆ ಬಿಲ್ ನಂಬರಿಲ್ಲ, ಮಾಲಿನ ಹೆಸರಿಲ್ಲ, ಆದ್ದರಿಂದ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತದೆ. ಆದರೆ ಪಾರ್ಟಿಯ ಜೊತೆ ವ್ಯವಹಾರ ಶುರುವಾದ ದಿನದಿಂದ ಆದ ಎಲ್ಲ ಬಿಲ್ಲು, ಎಲ್ಲ ಜಮೆ, ಎಲ್ಲ ತಪ್ಪು ಆ ಒಂದೇ ಅಂಕಿಯೊಳಗೆ ಮಡಚಿ ಕೂತಿರುತ್ತದೆ. ಜುಲೈ ಕೊನೆಯ ಬಾಕಿಯೇ ಆಗಸ್ಟಿನ ಹಿಂದಿನ ಬಾಕಿ. ಒಂದು ತಿಂಗಳಲ್ಲಿ ನುಸುಳಿದ ತಪ್ಪು ಅದೇ ತಿಂಗಳಲ್ಲಿ ಹಿಡಿಯದಿದ್ದರೆ ಮುಂದಿನ ಎಲ್ಲ ಹಾಳೆಗಳಲ್ಲೂ ಹಿಂದಿನ ಬಾಕಿಯ ವೇಷದಲ್ಲಿ ಬರುತ್ತಲೇ ಇರುತ್ತದೆ.

ಮೊದಲ ಸಾಲಿನ ವ್ಯತ್ಯಾಸವನ್ನು ಪಕ್ಕಕ್ಕೆ ಬರೆದಿಟ್ಟುಕೊಂಡು ಉಳಿದ ಸಾಲುಗಳನ್ನು ಒಂದೊಂದಾಗಿ ಹಿಡಿದೆವು. ನಾನು ಓದುವುದು, ಅವರು ತಮ್ಮ ಪುಸ್ತಕದಲ್ಲಿ ಬೆರಳಿಟ್ಟು ಹೂಂಗುಟ್ಟುವುದು. ಬಿಲ್ 612 ಸರಿ. ಮೂವತ್ತು ಸಾವಿರ ಜಮೆ ಸರಿ. ಬಿಲ್ 655ಕ್ಕೆ ಬಂದಾಗ ನಾನು 17,850 ಎಂದೆ, ಅವರು 17,580 ಎಂದರು. ವ್ಯತ್ಯಾಸ 270. ಇದನ್ನು ಕೇಳಿದ ಕೂಡಲೇ ಎಲ್ಲಿ ಎಡವಿದ್ದಾರೆಂದು ಗೊತ್ತಾಯಿತು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 270ನ್ನು ಒಂಬತ್ತರಿಂದ ಭಾಗಿಸಿದರೆ 30. ಇಲ್ಲಿ ಎಂಟು ಮತ್ತು ಐದು ಜಾಗ ಬದಲಿಸಿದ್ದವು. ಬಿಲ್ ತೆಗೆದು ನೋಡಿದರು, 17,850 ಎಂದೇ ಇತ್ತು. ಬರೆಯುವಾಗ ಅವರ ಮಗ ತಪ್ಪಿದ್ದ.

ಇದೇ ಜಾತಿಯ ಇನ್ನೊಂದು ಗುರುತೂ ಉಂಟು. ವ್ಯತ್ಯಾಸದ ಅರ್ಧ ಮೊತ್ತದ ಸಾಲೊಂದು ಹಾಳೆಯಲ್ಲಿ ಇದ್ದರೆ, ಅದು ಯಾರದೋ ಪುಸ್ತಕದಲ್ಲಿ ತಲೆಕೆಳಗಾಗಿ ಬಿದ್ದಿದೆ ಎಂದು ಅನುಮಾನಿಸಬೇಕು. 1,180ರ ಕ್ರೆಡಿಟ್ ನೋಟನ್ನು ಜಮೆಯ ಕಡೆ ಬರೆಯುವ ಬದಲು ಬಿಲ್ಲಿನ ಕಡೆ ಬರೆದಿದ್ದರೆ ಬಾಕಿ 2,360ರಷ್ಟು ಹೆಚ್ಚು ಕಾಣುತ್ತಿತ್ತು, ಏಕೆಂದರೆ ಇಳಿಯಬೇಕಾದ್ದು ಇಳಿಯಲಿಲ್ಲ, ಮೇಲೆ ಅಷ್ಟೇ ಏರಿತು.

ಮುಂದಕ್ಕೆ ಹೋದೆವು. ಕ್ರೆಡಿಟ್ ನೋಟ್ ಅವರ ಬಳಿಯೂ ಇತ್ತು. ಇಪ್ಪತ್ತೈದು ಸಾವಿರದ ಚೆಕ್ಕು ಇತ್ತು, ಆದರೆ ವಾಪಸಾದದ್ದನ್ನು ಬರೆದಿರಲಿಲ್ಲ. "ಹೌದ್ರೀ, ಬ್ಯಾಂಕಿನಿಂದ ಮೆಸೇಜ್ ಬಂದಿತ್ತು. ಗಣೇಶನ ಹಬ್ಬದ ಗದ್ಲದಾಗೆ ಪುಸ್ತಕಕ್ಕೆ ಹಾಕೋದು ಮರೆತೆ" ಎಂದರು. ಅದರ ಜೊತೆಗಿನ 295 ರೂಪಾಯಿ ಬ್ಯಾಂಕ್ ಶುಲ್ಕವೂ ಅವರಲ್ಲಿ ಇರಲಿಲ್ಲ. ಕೊನೆಗೆ ಬಿಲ್ 701. ಆಗಸ್ಟ್ 30ರಂದು ನಾವು ಲಾರಿಗೆ ಹಾಕಿದ ಮಾಲು ಅವರ ಅಂಗಡಿಗೆ ಮುಟ್ಟಿದ್ದು ಸೆಪ್ಟೆಂಬರ್ ಒಂದಕ್ಕೆ. ಅವರು ಮಾಲು ಇಳಿಸಿಕೊಂಡ ದಿನ ಬರೆದರು, ನಾವು ಬಿಲ್ ಮಾಡಿದ ದಿನ ಬರೆದೆವು. ಇದರಲ್ಲಿ ಯಾರದೂ ತಪ್ಪಿಲ್ಲ. ತಿಂಗಳ ಗಡಿಯಲ್ಲಿ ದಾರಿಯಲ್ಲಿದ್ದ ಮಾಲು ಮುಂದಿನ ಹಾಳೆಯಲ್ಲಿ ತಾನಾಗಿ ಸರಿಹೋಗುತ್ತದೆ.

ಈಗ ಎಲ್ಲವನ್ನೂ ಕೂಡಿದೆವು. ಹಿಂದಿನ ಬಾಕಿಯಲ್ಲಿ 6,500, ಅಂಕಿ ತಿರುವಿದ್ದು 270, ಚೆಕ್ 25,000, ಶುಲ್ಕ 295, ದಾರಿಯ ಮಾಲು 12,460. ಒಟ್ಟು 44,525. ನಮ್ಮ 70,425ರಲ್ಲಿ ಅವರ 25,900 ಕಳೆದರೆ ಅಷ್ಟೇ ಬರುತ್ತದೆ. ಹೀಗೆ ಪೈಸೆಗೆ ಪೈಸೆ ಕೂಡಿದ ಮೇಲೆಯೇ ತಾಳೆ ಮುಗಿಯಿತು ಎನ್ನಬೇಕು. "ಸುಮಾರು ಹೊಂದುತ್ತದೆ, ಬಿಡಿ" ಎಂದು ಐವತ್ತು ರೂಪಾಯಿ ಬಿಟ್ಟುಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಉಳಿದ ಆ ಐವತ್ತು, ಒಂದು ಕಡೆಯ ಹತ್ತು ಸಾವಿರದ ತಪ್ಪಿಗೂ ಇನ್ನೊಂದು ಕಡೆಯ 9,950ರ ತಪ್ಪಿಗೂ ನಡುವಿನ ಅಂತರವೂ ಆಗಿರಬಹುದು.

ಐದರಲ್ಲಿ ನಾಲ್ಕು ಅವರ ಪುಸ್ತಕದಲ್ಲಿ ಸರಿಯಾಗಬೇಕಾದವು. ಉಳಿದದ್ದು 6,500. ಅವರ ಬಳಿ ಜುಲೈ 31ರ ರಸೀದಿ ಇತ್ತು. ನಮ್ಮ ಲೈನಿನ ಹುಡುಗ ವಸೂಲಿಗೆ ಹೋದಾಗ ಆರೂವರೆ ಸಾವಿರ ನಗದು ಪಡೆದು ಬರೆದುಕೊಟ್ಟ ರಸೀದಿ. ರಸೀದಿ ಪುಸ್ತಕದ ಕಾರ್ಬನ್ ಪ್ರತಿ ತೆಗೆದೆ. ಅಂಗಡಿಯ ಹೆಸರು, ಊರು, ಮೊತ್ತ ಎಲ್ಲ ಸರಿಯಾಗಿತ್ತು. ಅಂದಿನ ಗಲ್ಲಾ ಲೆಕ್ಕ ನೋಡಿದೆ, ಹಣ ಬಂದಿದೆ. ಹಾಗಾದರೆ ಅದು ಯಾರ ಖಾತೆಗೆ ಹೋಯಿತು? ಹರಿಹರದ ಹತ್ತಿರ ಇದೇ ಹೆಸರಿನ ಇನ್ನೊಂದು ಹಾರ್ಡ್‌ವೇರ್ ಅಂಗಡಿ ನಮ್ಮ ಪಾರ್ಟಿ. ಒಂದೇ ದೇವರ ಹೆಸರು ಎರಡಕ್ಕೂ. ಕಂಪ್ಯೂಟರಿನಲ್ಲಿ ಮೊದಲ ನಾಲ್ಕು ಅಕ್ಷರ ಒತ್ತಿದಾಗ ಎರಡೂ ಹೆಸರು ಒಂದರ ಕೆಳಗೊಂದು ಬಂದಿವೆ, ಎಂಟ್ರಿ ಮಾಡುವವಳು ಮೇಲಿನದನ್ನು ಒತ್ತಿದ್ದಾಳೆ. ಆರೂವರೆ ಸಾವಿರ ಅಲ್ಲಿಗೆ ಜಮೆಯಾಗಿದೆ.

ಈ ತಪ್ಪನ್ನು ನಮ್ಮೊಳಗೇ ಹಿಡಿಯುವ ದಾರಿ ಬಹುಮಟ್ಟಿಗೆ ಇಲ್ಲ, ಇದು ಲೆಕ್ಕ ಬರೆಯದವರಿಗೆ ವಿಚಿತ್ರವೆನಿಸಬಹುದು. ಗಲ್ಲಾದ ನಗದು ಸರಿ ಇದೆ. ಜಮೆಯ ಒಟ್ಟು ಮೊತ್ತ ಸರಿ ಇದೆ. ಎಲ್ಲ ಪಾರ್ಟಿಗಳಿಂದ ಬರಬೇಕಾದ ಬಾಕಿಯ ಒಟ್ಟು ಮೊತ್ತವೂ ಸರಿ ಇದೆ, ಏಕೆಂದರೆ ಒಬ್ಬರಿಗೆ 6,500 ಹೆಚ್ಚಾದದ್ದು ಇನ್ನೊಬ್ಬರಿಗೆ ಅಷ್ಟೇ ಕಡಿಮೆಯಾಗಿದೆ. ಟ್ರಯಲ್ ಬ್ಯಾಲೆನ್ಸ್ ತೆಗೆದರೆ ಎರಡು ಕಡೆಯೂ ಸಮ ಸಮ. ಲೆಕ್ಕಪುಸ್ತಕಕ್ಕೆ ಗೊತ್ತಾಗದ, ಹಣ ಕೊಟ್ಟವನಿಗೆ ಮಾತ್ರ ಗೊತ್ತಿರುವ ತಪ್ಪು ಇದು. ಅವನಿಗೆ ನಮ್ಮ ಪುಸ್ತಕದ ಪುಟ ಕಾಣುವುದು ತಿಂಗಳಿಗೊಮ್ಮೆ ಹೋಗುವ ಈ ಹಾಳೆಯಲ್ಲಿ ಮಾತ್ರ. ನಾನು ಸ್ಟೇಟ್‌ಮೆಂಟನ್ನು ವಸೂಲಿಯ ಚೀಟಿ ಎಂದು ಎಣಿಸದೆ ಲೆಕ್ಕದ ಪರೀಕ್ಷೆ ಎಂದು ಎಣಿಸುವುದು ಇದಕ್ಕೇ.

ಆದರೆ ಆ ಪರೀಕ್ಷೆ ಒಂದು ಕಡೆಗೆ ವಾಲಿದ ಪರೀಕ್ಷೆ. ಜುಲೈ ತಿಂಗಳ ಹಾಳೆ ಹರಿಹರದ ಪಾರ್ಟಿಗೂ ಹೋಗಿತ್ತು. ತಾನು ಕೊಡದ ಆರೂವರೆ ಸಾವಿರ ತನ್ನ ಹೆಸರಿಗೆ ಜಮೆಯಾಗಿದ್ದನ್ನು ಅವರು ನೋಡಿದ್ದರೂ ನಮಗೆ ಫೋನ್ ಬರಲಿಲ್ಲ. ಬಾಕಿ ಹೆಚ್ಚು ಕಂಡರೆ ಮರುದಿನವೇ ಫೋನ್ ಬರುತ್ತದೆ, ಕಡಿಮೆ ಕಂಡರೆ ಬರುವುದು ಅಪರೂಪ. ಹೀಗಾಗಿ ಅಂಗಡಿಗೆ ನಷ್ಟ ತರುವ ತಪ್ಪುಗಳಿಗಿಂತ ಪಾರ್ಟಿಗೆ ನಷ್ಟ ತರುವ ತಪ್ಪುಗಳು ಬೇಗ ಹೊರಬರುತ್ತವೆ. ಇದಕ್ಕೆ ಪರಿಹಾರವಾಗಿ ದೊಡ್ಡ ಪಾರ್ಟಿಗಳಿಗೆ ನಮ್ಮ ಅಂಕಿ ಕಳಿಸಿ "ಸರಿಯೇ?" ಎಂದು ಕೇಳುವ ಬದಲು, ವರ್ಷಕ್ಕೊಮ್ಮೆಯಾದರೂ "ನಿಮ್ಮ ಪುಸ್ತಕದಲ್ಲಿ ನಮ್ಮ ಖಾತೆ ಹೇಗಿದೆ, ಅದರ ಪ್ರತಿ ಕಳಿಸಿ" ಎಂದು ಕೇಳುವುದು ಒಳ್ಳೆಯದು. ನಮ್ಮ ಅಂಕಿ ಎದುರಿಗಿಲ್ಲದಿದ್ದಾಗ ಅವರು ತಮ್ಮದನ್ನೇ ಕೊಡಬೇಕಾಗುತ್ತದೆ.

ನಗದು ವಸೂಲಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಹುಡುಗ ಪ್ರಾಮಾಣಿಕ, ಅವನ ರಸೀದಿ ಅದನ್ನು ತೋರಿಸಿತು. ಆದರೆ ಎಲ್ಲ ಕಡೆ ಹಾಗಿರುವುದಿಲ್ಲ. ವಸೂಲಿಗೆ ಹೋದವನು ಒಂದು ಅಂಗಡಿಯಿಂದ ಹತ್ತು ಸಾವಿರ ತಂದು ತಾನು ಬಳಸಿಕೊಳ್ಳುತ್ತಾನೆ. ವಾರದ ಮೇಲೆ ಎರಡನೆಯ ಅಂಗಡಿ ಹನ್ನೆರಡು ಸಾವಿರ ಕೊಟ್ಟಾಗ ಅದರಲ್ಲಿ ಹತ್ತನ್ನು ಮೊದಲಿನವರ ಹೆಸರಿಗೆ ಕಟ್ಟುತ್ತಾನೆ. ಎರಡನೆಯವರ ಕೊರತೆಯನ್ನು ಮೂರನೆಯವರ ಹಣದಿಂದ ತುಂಬುತ್ತಾನೆ. ಎಲ್ಲರ ಜಮೆಯೂ ಕೊನೆಗೆ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಗುರುತು ಇಲ್ಲಿದೆ: ಪಾರ್ಟಿಯ ಕೈಯಲ್ಲಿರುವ ರಸೀದಿಯ ತಾರೀಖಿಗೂ ಸ್ಟೇಟ್‌ಮೆಂಟಿನಲ್ಲಿ ಜಮೆ ಬಿದ್ದ ತಾರೀಖಿಗೂ ನಡುವಿನ ಅಂತರ ಬೆಳೆಯುತ್ತ ಹೋಗುತ್ತದೆ, ಅದೂ ಒಂದೇ ಲೈನಿನ ಅನೇಕ ಅಂಗಡಿಗಳಲ್ಲಿ. ಆದ್ದರಿಂದ ಹಾಳೆಯಲ್ಲಿ ಜಮೆಯ ಸಾಲಿನ ಜೊತೆ ರಸೀದಿ ನಂಬರ್ ಬರೆಯಬೇಕು. ವಸೂಲಿ ಮಾಡುವವನ ಕೈಯಲ್ಲಿ ಆ ಹಾಳೆಯನ್ನು ಕಳಿಸಬಾರದು, ಅಂಗಡಿಯಿಂದ ನೇರವಾಗಿ ಹೋಗಬೇಕು. "ಹೇಗೂ ಆ ಕಡೆ ಹೋಗ್ತಾನೆ, ಕೊಟ್ಟು ಬರ್ತಾನೆ" ಎನ್ನುವ ಮಾಲೀಕರು ಹಾಳೆಯ ಅರ್ಧ ಕೆಲಸವನ್ನು ಅಲ್ಲೇ ಕೆಡಿಸುತ್ತಾರೆ.

ಈಗ 6,500ನ್ನು ಸರಿಮಾಡುವುದು ಹೇಗೆ? ಸುಲಭವಾದ ದಾರಿ ಜುಲೈ 31ಕ್ಕೆ ಹೋಗಿ, ಆ ಎಂಟ್ರಿ ತೆರೆದು, ಪಾರ್ಟಿಯ ಹೆಸರು ಬದಲಿಸುವುದು. ಕಂಪ್ಯೂಟರ್ ತಡೆಯುವುದಿಲ್ಲ. ಎರಡು ಕೀ ಒತ್ತಿದರೆ ಮುಗಿಯಿತು. ಆದರೆ ಹಾಗೆ ಮಾಡಿದ ಗಳಿಗೆಯಲ್ಲಿ ಜುಲೈ ಕೊನೆಯ ಬಾಕಿ 48,600ರಿಂದ 42,100ಕ್ಕೆ ಇಳಿಯುತ್ತದೆ. ಪಾರ್ಟಿಯ ಕೈಯಲ್ಲಿರುವ ಜುಲೈ ಹಾಳೆ, ಆಗಸ್ಟ್ ಹಾಳೆ ಎರಡೂ ನಮ್ಮ ಪುಸ್ತಕಕ್ಕೆ ಹೊಂದದ ಕಾಗದಗಳಾಗುತ್ತವೆ. ಇದೇ ರೀತಿ ಯಾರೋ ಹಳೆಯ ತಾರೀಖಿಗೆ ಒಂದು ಬಿಲ್ ಸೇರಿಸಿದರೆ, ಮುಂದಿನ ತಿಂಗಳ ಮೊದಲ ಸಾಲು ಹಿಂದಿನ ತಿಂಗಳ ಕೊನೆಯ ಸಾಲಿಗಿಂತ ಬೇರೆಯಾಗಿ ಮುದ್ರಣಗೊಳ್ಳುತ್ತದೆ, ಯಾಕೆಂದು ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಪ್ರತಿ ತಿಂಗಳು ಕಳಿಸಿದ ಹಾಳೆಯ ಪ್ರತಿ ನಾನು ಇಟ್ಟುಕೊಳ್ಳುತ್ತೇನೆ. ಹೊಸ ಹಾಳೆ ಕಳಿಸುವ ಮೊದಲು ಹಳೆಯದರ ಕೊನೆಯ ಅಂಕಿಯನ್ನೂ ಹೊಸದರ ಮೊದಲ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಅವೆರಡು ಒಂದೇ ಆಗಿರದಿದ್ದರೆ ಹಾಳೆ ಹೊರಗೆ ಹೋಗುವುದಿಲ್ಲ.

ನಾವು ಸರಿಮಾಡಿದ್ದು ಸೆಪ್ಟೆಂಬರ್ 5ರ ತಾರೀಖಿನಲ್ಲಿ. ಹರಿಹರದ ಖಾತೆಗೆ 6,500 ಬಾಕಿ ಕೂಡಿ, ಹೊನ್ನಾಳಿಯ ಖಾತೆಗೆ ಅಷ್ಟೇ ಜಮೆ ಮಾಡಿ, ವಿವರದಲ್ಲಿ ರಸೀದಿ ನಂಬರೂ "ಜುಲೈ 31ರ ನಗದು, ತಪ್ಪು ಖಾತೆಯಿಂದ ವರ್ಗ" ಎಂಬ ಮಾತೂ ಬರೆದೆವು. ತಪ್ಪು ಆದದ್ದು ಎಲ್ಲಿ, ಸರಿಯಾದದ್ದು ಯಾವಾಗ ಎರಡೂ ಉಳಿಯಿತು. ಎರಡು ಖಾತೆಗಳ ಹೆಸರಿನ ಮುಂದೆ ಊರಿನ ಹೆಸರನ್ನೂ ಅಂದೇ ಸೇರಿಸಿದೆವು.

ಬಾಕಿ 63,925 ಎಂದು ಇಬ್ಬರೂ ಒಪ್ಪಿದೆವು. ಆದರೆ ಇಷ್ಟಕ್ಕೇ ಎಲ್ಲ ತಿಳಿಯಲಿಲ್ಲ, ಈ ಬಗೆಯ ಹಾಳೆಯ ದೊಡ್ಡ ಮಿತಿ ಇರುವುದೇ ಇಲ್ಲಿ. ಎಷ್ಟು ಬಾಕಿ ಎಂದು ಅದು ಹೇಳುತ್ತದೆ, ಯಾವ ಬಿಲ್ಲಿನ ಬಾಕಿ ಎಂದು ಹೇಳುವುದಿಲ್ಲ. ಸರಿಯಾದ ಹಿಂದಿನ ಬಾಕಿ 42,100ರಲ್ಲಿ ಎರಡು ಬಿಲ್ ಇದ್ದವು: ಜೂನ್ 12ರ 431ನೇ ಬಿಲ್ 18,300, ಜುಲೈ 18ರ 540ನೇ ಬಿಲ್ 23,800. ಆಗಸ್ಟ್ 9ರಂದು ಬಂದ ಮೂವತ್ತು ಸಾವಿರವನ್ನು ಹಳೆಯದಕ್ಕೆ ಮೊದಲು ಎಂದು ಹಂಚಿದರೆ 431 ಪೂರ್ತಿ ತೀರಿ, 540ರಲ್ಲಿ 12,100 ಉಳಿಯುತ್ತದೆ. ಆಗಸ್ಟ್ ಕೊನೆಗೆ ಅತಿ ಹಳೆಯ ಬಾಕಿ 44 ದಿನದ್ದು. ಅದೇ ಹಣವನ್ನು "ಇದು ಮೊನ್ನೆಯ 612ರ ಬಿಲ್ಲಿಗೆ" ಎಂದು ಬರೆದುಕೊಂಡರೆ ಜೂನಿನ ಬಿಲ್ ಹಾಗೆಯೇ ಕೂತಿರುತ್ತದೆ, ಬಾಕಿಯ ವಯಸ್ಸು 80 ದಿನವಾಗುತ್ತದೆ. ಒಟ್ಟು ಮೊತ್ತ ಎರಡರಲ್ಲೂ ಒಂದೇ. ಆದರೆ ಮಾಲೀಕರು ಹೊಸ ಉದ್ರಿ ಕೊಡಬೇಕೋ ಬೇಡವೋ ಎಂದು ನೋಡುವುದು ಆ ವಯಸ್ಸನ್ನೇ.

ಪಾರ್ಟಿಗೂ ಅದು ಮುಖ್ಯ. ಖರೀದಿಯ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಂಡ ಅಂಗಡಿಯವನು ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಮಾರಿದವನಿಗೆ ಹಣ ಕೊಡದಿದ್ದರೆ, ಆ ತೆರಿಗೆಯನ್ನು ಬಡ್ಡಿಯ ಸಮೇತ ಹಿಂದಿರುಗಿಸಬೇಕಾಗುತ್ತದೆ. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು, ನಡುವಿನ ತಾಪತ್ರಯ ಮಾತ್ರ ತಪ್ಪುವುದಿಲ್ಲ. ಜೂನ್ 12ರ ಬಿಲ್ಲಿಗೆ ಆ ಗಡುವು ಡಿಸೆಂಬರ್ 9. ಒಟ್ಟು ಬಾಕಿಯೊಂದನ್ನೇ ನೋಡುವವನಿಗೆ ಇದು ಕಾಣುವುದೇ ಇಲ್ಲ. (ಬಿಲ್ಲೇ ತೆರಿಗೆಯ ಆಧಾರ, ಸ್ಟೇಟ್‌ಮೆಂಟ್ ಅಲ್ಲ. ಬಿಲ್ ಕಳೆದುಹೋದರೆ ಅದರ ಪ್ರತಿಯನ್ನೇ ಕೇಳಿ ಪಡೆಯಬೇಕು.)

ಬಂದ ಹಣ ಯಾವ ಬಿಲ್ಲಿಗೆ ಎಂಬುದನ್ನು ತೀರ್ಮಾನಿಸುವ ಹಕ್ಕು ಯಾರದು? 1872ರ ಭಾರತೀಯ ಕರಾರು ಕಾಯ್ದೆ ಇದಕ್ಕೆ ಮೂರು ಮೆಟ್ಟಿಲಿನ ಉತ್ತರ ಕೊಟ್ಟಿದೆ, 59ರಿಂದ 61ರವರೆಗಿನ ಕಲಮುಗಳಲ್ಲಿ. ಹಣ ಕೊಡುವವನು ಇಂಥ ಬಾಕಿಗೆ ಎಂದು ಹೇಳಿ ಕೊಟ್ಟರೆ, ಅಥವಾ ಸಂದರ್ಭದಿಂದಲೇ ಅದು ತಿಳಿಯುವಂತಿದ್ದರೆ, ಪಡೆದವನು ಅದಕ್ಕೇ ಹಾಕಬೇಕು. ಅವನು ಏನೂ ಹೇಳದಿದ್ದರೆ ಆಯ್ಕೆ ಪಡೆದವನದು. ಇಬ್ಬರೂ ಸುಮ್ಮನಿದ್ದರೆ ಹಳೆಯದರಿಂದ ಹೊಸದಕ್ಕೆ, ತಾರೀಖಿನ ಕ್ರಮದಲ್ಲಿ. ಆದ್ದರಿಂದ ಉದ್ರಿ ಒಯ್ಯುವ ಅಂಗಡಿಯವರಿಗೆ ನಾನು ಹೇಳುವುದು, ಹಣ ಕಳಿಸುವಾಗ ಬಿಲ್ ನಂಬರ್ ಬರೆದು ಕಳಿಸಿ. ಯುಪಿಐಯಲ್ಲಿ ಟಿಪ್ಪಣಿಗೆ ಜಾಗ ಇರುವುದು ಅದಕ್ಕೇ.

ನಮ್ಮ ಕಡೆ ಹೆಚ್ಚಿನ ಅಂಗಡಿಗಳಲ್ಲಿ ಲೆಕ್ಕ ಇರುವುದು ಟ್ಯಾಲಿಯಲ್ಲಿ. ಬೆಂಗಳೂರಿನಲ್ಲೇ ಬೆಳೆದ ತಂತ್ರಾಂಶ ಅದು. ಪಾರ್ಟಿಯ ಖಾತೆ ತೆರೆಯುವಾಗ `Maintain balances bill-by-bill` ಎಂಬಲ್ಲಿ `Yes` ಕೊಟ್ಟಿದ್ದರೆ, ಪ್ರತಿ ಜಮೆ ಬರೆಯುವಾಗಲೂ ಅದು ಯಾವ ಬಿಲ್ಲಿಗೆ ಎಂದು ಕೇಳುತ್ತದೆ. ಹೊಸ ಬಿಲ್ಲಿಗೆ `New Ref`, ಹಳೆಯ ಬಿಲ್ಲಿನ ಮೇಲೆ ಬಂದ ಹಣಕ್ಕೆ `Agst Ref`, ಮುಂಗಡಕ್ಕೆ `Advance`. ನಾಲ್ಕನೆಯದು `On Account`, ಯಾವ ಬಿಲ್ಲಿಗೂ ಸೇರಿಸದೆ ಬಿಟ್ಟ ಹಣ. ಕೆಲಸದ ಗಡಿಬಿಡಿಯಲ್ಲಿ ಎಲ್ಲರ ಬೆರಳೂ ಅದಕ್ಕೇ ಹೋಗುತ್ತದೆ. ಒಂದು ವರ್ಷ ಹಾಗೆಯೇ ನಡೆದರೆ ಬಾಕಿ ಬಿಲ್‌ಗಳ ಪಟ್ಟಿಯಲ್ಲಿ ಎಂದೋ ತೀರಿದ ಬಿಲ್‌ಗಳೆಲ್ಲ ಬಾಕಿ ಎಂದೇ ಕಾಣುತ್ತವೆ, ಕೆಳಗೆ `On Account` ಎಂದು ದೊಡ್ಡ ಜಮೆಯೊಂದು ತೇಲುತ್ತಿರುತ್ತದೆ. ಮೊತ್ತ ಸರಿ, ಪಟ್ಟಿ ನಿರುಪಯುಕ್ತ. ಇದನ್ನು ನೋಡಲು `Display More Reports` ಒಳಗೆ `Statements of Accounts`, ಅದರೊಳಗೆ `Outstandings`, ಆಮೇಲೆ `Ledger`. ತಿಂಗಳ ಹಾಳೆ ಕಳಿಸುವ ಮೊದಲು ನಾನು ಅಲ್ಲಿಗೆ ಹೋಗಿ ಹೀಗೆ ತೇಲುವ ಹಣವನ್ನೆಲ್ಲ ಬಿಲ್‌ಗಳಿಗೆ ಸೇರಿಸಿ ಬರುತ್ತೇನೆ.

ಹೊನ್ನಾಳಿಯವರಿಗೆ ಅಂದು ಎರಡನೆಯ ಹಾಳೆಯೊಂದನ್ನು ಕಳಿಸಿದೆ. ಬಿಲ್ 540ರಲ್ಲಿ 12,100, ಬಿಲ್ 612 ಪೂರ್ತಿ 22,400, ಬಿಲ್ 655ರಲ್ಲಿ ವಾಪಸ್ ಮಾಲು ಕಳೆದು 16,670, ಬ್ಯಾಂಕ್ ಶುಲ್ಕ 295, ಬಿಲ್ 701 ಪೂರ್ತಿ 12,460. ಕೂಡಿದರೆ ಅದೇ 63,925. ಕೆಳಗೆ ಒಂದು ವಾಕ್ಯ ಬರೆದು, ಸಹಿ ಮತ್ತು ತಾರೀಖು ಹಾಕಿ ಕಳಿಸಿ ಎಂದು ಕೇಳಿದೆ: ಸೆಪ್ಟೆಂಬರ್ 5ಕ್ಕೆ ಇಷ್ಟು ಬಾಕಿ ಕೊಡತಕ್ಕದ್ದೆಂದು ಒಪ್ಪಿದ್ದೇನೆ.

"ಸಹಿ ಯಾಕ್ರೀ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಎಂದರು. ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಬರಲಿ. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲೂ ಕೊಡುತ್ತೇನೆ.

ನಮ್ಮ ಪುಸ್ತಕದಲ್ಲಿ ಬರೆದುಕೊಂಡ ಮಾತ್ರಕ್ಕೆ ಯಾರೂ ಸಾಲಗಾರರಾಗುವುದಿಲ್ಲ. ಕ್ರಮವಾಗಿ ಬರೆದ ಲೆಕ್ಕಪುಸ್ತಕ ಸಾಕ್ಷ್ಯವಾಗುತ್ತದೆ, ಆದರೆ ಅದೊಂದರ ಮೇಲೆಯೇ ಒಬ್ಬನ ತಲೆಗೆ ಹೊಣೆ ಕಟ್ಟುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಬಿಲ್ಲು, ಮಾಲು ಮುಟ್ಟಿದ್ದಕ್ಕೆ ಸಹಿ, ಒಪ್ಪಿಗೆಯ ಕಾಗದ, ಹೀಗೆ ಹೊರಗಿನದೊಂದು ಜೊತೆಗಿರಬೇಕು. ಎರಡನೆಯದು ಅವಧಿ. 1963ರ ಅವಧಿ ಕಾಯ್ದೆಯ ಪ್ರಕಾರ ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಉದ್ರಿಗೆ ಇಷ್ಟು ದಿನ ಎಂದು ಗೊತ್ತುಮಾಡಿದ್ದರೆ ಆ ದಿನ ಮುಗಿದಲ್ಲಿಂದ, ಇಲ್ಲದಿದ್ದರೆ ಮಾಲು ಕೊಟ್ಟ ದಿನದಿಂದ ಎಣಿಕೆ. ಆ ಮೂರು ವರ್ಷ ಮುಗಿಯುವ ಮೊದಲು ಸಾಲಗಾರ ಬರಹದಲ್ಲಿ ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ ಅಲ್ಲಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಮುಗಿದ ಮೇಲೆ ಮಾಡಿದ ಸಹಿಗೆ ಆ ಶಕ್ತಿ ಇಲ್ಲ. ಬಹಳ ಅಂಗಡಿಗಳ ಹಾಳೆಯ ಕೆಳಗೆ "ಏಳು ದಿನದೊಳಗೆ ತಕರಾರು ಬಾರದಿದ್ದರೆ ಒಪ್ಪಿದಂತೆ" ಎಂದು ಅಚ್ಚಾಗಿರುತ್ತದೆ. ಪಾರ್ಟಿ ಬೇಗ ನೋಡಲಿ ಎಂಬುದಕ್ಕೆ ಅದು ಒಳ್ಳೆಯದೇ. ಆದರೆ ಸುಮ್ಮನಿದ್ದದ್ದು ಸಹಿಯಾಗುವುದಿಲ್ಲ, ಅವಧಿಯನ್ನು ಹೊಸದಾಗಿಸುವುದೂ ಇಲ್ಲ.

ಮೂರನೆಯ ಕಾರಣವೇ ಅವರಿಗೆ ಹಿಡಿಸಿದ್ದು. ಸಹಿಯಾದ ಹಾಳೆಯ ಒಂದು ಪ್ರತಿ ಅವರ ಬಳಿಯೂ ಇರುತ್ತದೆ. ನಾಳೆ ನಮ್ಮ ಕಡೆಯ ಯಾರೋ ಹಳೆಯ ತಾರೀಖಿಗೆ ಬಿಲ್ ಸೇರಿಸಿದರೆ, "ಸೆಪ್ಟೆಂಬರ್ 5ಕ್ಕೆ 63,925 ಅಂತ ನೀವೇ ಬರೆದುಕೊಟ್ಟೀರಿ" ಎಂದು ಅವರು ತೋರಿಸಬಹುದು. ಅದರ ಹಿಂದಕ್ಕೆ ಹೋಗಿ ಇಬ್ಬರೂ ಹುಡುಕಬೇಕಾಗಿಲ್ಲ. ಸಂಜೆಯೊಳಗೆ ಸಹಿ ಮಾಡಿದ ಹಾಳೆ ಬಂತು.

ಹರಿಹರದ ಪಾರ್ಟಿಗೆ ಸೆಪ್ಟೆಂಬರ್ ಹಾಳೆ ಹೋದದ್ದು ಅಕ್ಟೋಬರ್ ಎರಡನೇ ವಾರಕ್ಕೆ, ಆ ಸಲ ದಸರಾ ರಜೆಯಿಂದ ತಡವಾಗಿತ್ತು. ವರ್ಗ ಮಾಡಿದ 6,500 ಅದರಲ್ಲಿ ಬಾಕಿಗೆ ಕೂಡಿದ ಸಾಲಾಗಿ ಇತ್ತು. ಮುಂಚೆಯೇ ಹೇಳಿಬಿಡೋಣವೆಂದು ಅಂದೇ ನಾನು ಫೋನ್ ಮಾಡಿ ರಸೀದಿ ನಂಬರ್ ಹೇಳಿದೆ, ಕಾರ್ಬನ್ ಪ್ರತಿಯ ಫೋಟೋ ಕಳಿಸುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ ಬಿಡ್ರಿ, ಫೋಟೋ ಬ್ಯಾಡ. ನಮ್ಮ ಪುಸ್ತಕದಾಗೂ ಆ ಜಮೆ ಇಲ್ಲ" ಎಂದರು.